ಬಗ್ಗದಿದ್ದ ದಿನ

ಆ ಶನಿವಾರ ಅಕ್ಕ ಒಮ್ಮೆಯೂ ಬಗ್ಗಲಿಲ್ಲ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ. ಅವಳು ಬಗ್ಗದ ಹಾಗೆ ನೋಡಿಕೊಳ್ಳುವುದೇ ಆ ದಿನ ನನ್ನ ಕೆಲಸವಾಗಿತ್ತು.

ಬೆಳಿಗ್ಗೆ ಬೇಗ ಬೀದರಿನಲ್ಲಿ ಔರಾದ್ ಬಸ್ಸು ಹತ್ತಿ, ಔರಾದಿನಲ್ಲಿ ಬಸ್ಸು ಬದಲಿಸಿ ಎಕಂಬಾಕ್ಕೆ ಹೋಗಿದ್ದೆವು. ಅಲ್ಲಿ ನಮ್ಮ ಅಣ್ಣನ ಹೊಲವಿದೆ. ಮರುದಿನ ಭಾನುವಾರ ನಮ್ಮ ಚರ್ಚಿನಲ್ಲಿ ಸುಗ್ಗಿ ಆರಾಧನೆ. ಹೊಲವಿದ್ದವರು ಹೊಲದ್ದು, ಹಿತ್ತಲಿದ್ದವರು ಹಿತ್ತಲಿನದು ತಂದು ವೇದಿಕೆಯ ಮುಂದೆ ಇಡುತ್ತಾರೆ. ಅಂಗಡಿಯಲ್ಲಿ ಕೊಂಡದ್ದನ್ನು ಇಟ್ಟರೂ ಯಾರೂ ಬೇಡ ಅನ್ನುವುದಿಲ್ಲ. ಆದರೆ ಅಕ್ಕ ಅದನ್ನು ಕಾಣಿಕೆ ಎಂದು ಒಪ್ಪುತ್ತಿರಲಿಲ್ಲ. ನರ್ಸ್ ಆಗಿ ಭಾಲ್ಕಿಯಲ್ಲಿ ದುಡಿದ ಅಷ್ಟೂ ವರ್ಷ ಅವಳು ಈ ಹೊತ್ತಿಗೆ ರಜೆ ಹಾಕಿ ಎಕಂಬಾಕ್ಕೆ ಹೋಗಿ, ತನ್ನ ಕೈಯಿಂದಲೇ ಹೆಸರುಕಾಯಿ ಬಿಡಿಸಿ ಬುಟ್ಟಿ ತುಂಬಿಸಿಕೊಂಡು ಬರುತ್ತಿದ್ದಳು.

ಆ ವರ್ಷ ಬಿಡಿಸಿದವಳು ನಾನು. ಹೆಸರು ಮೊಣಕಾಲೆತ್ತರದ ಬೆಳೆ. ಸಾಲು ಹಿಡಿದು ಹೋದರೆ ಬೆನ್ನು ಎತ್ತುವಂತಿಲ್ಲ. ಅಕ್ಕ ಬದುವಿನ ಮೇಲೆ ಛತ್ರಿ ಹಿಡಿದು ನಿಂತಿದ್ದಳು.

"ಆ ಗಿಡದಾಗ ಇನ್ನಾ ನಾಕು ಕಾಯಿ ಅವ ನೋಡು. ಕಣ್ಣಿಲ್ಲೇನು ನಿನಗ?" ಅಂದಳು.

"ಅವು ಇನ್ನಾ ಹಸಿ ಅವ, ಅಕ್ಕ."

"ಅಂಗನವಾಡಿ ಬಾಯಿ ನನಗ ಪಾಠ ಹೇಳ್ಲಿಕ್ಕೆ ಹತ್ಯಾಳ."

ಅಣ್ಣನ ಹೆಂಡತಿ, ನಮ್ಮ ವೈನಿ, ಪಕ್ಕದ ಸಾಲಿನಿಂದ ನಕ್ಕಳು. "ನರ್ಸಬಾಯಿ ನೋಡ್ರಿ, ಕಲೆಕ್ಟರ್ ಸಾಹೇಬರು ಬೆಳಿ ನೋಡ್ಲಿಕ್ಕೆ ಬಂದಂಗ ನಿಂತಾರ. ಹೊಟ್ಟಿ ಎದಿಗಿ ಏರೇದಂತ, ಗತ್ತು ತಲಿಗೇರೇದ."

ಅಕ್ಕ ಛತ್ರಿಯ ತುದಿಯಿಂದ ಅವಳ ಬೆನ್ನಿಗೆ ಮೆಲ್ಲಗೆ ಚುಚ್ಚಿದಳು. ಮೂವರೂ ನಕ್ಕೆವು. ನನಗೆ ನೆನಪಿರುವ ಕೊನೆಯ ನಗು ಅದು. ಅದರ ನಂತರವೂ ನಕ್ಕಿರಬಹುದು. ನೆನಪಿಲ್ಲ.

ವೈನಿಯ ಮಾತು ಪೂರ್ತಿ ತಮಾಷೆಯಲ್ಲ. ಅಕ್ಕನ ಹೊಟ್ಟೆಯ ಮೇಲ್ಭಾಗ ನಿಜವಾಗಿಯೂ ಎದೆಯೊಳಗೆ ಏರಿತ್ತು.

ಅದು ಶುರುವಾದದ್ದು ಒಂದು ಚಾದರದಿಂದ. ನಿವೃತ್ತಿಯಾದ ಮೇಲೆ ಅಕ್ಕ ಬೀದರಿನ ಮೈಲೂರಿನಲ್ಲಿರುವ ನನ್ನ ಮನೆಗೆ ಬಂದಳು. ನಾನು ವಿಧವೆ, ಅವಳು ಮದುವೆಯಾಗದವಳು. ಇಬ್ಬರಿಗೂ ಇನ್ನೊಬ್ಬರ ಜೊತೆ ಬೇಕಿತ್ತು. ನಾನು ಜನವಾಡದ ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸಲು ಬಸ್ಸಿನಲ್ಲಿ ಹೋಗಿ ಬರುವುದರೊಳಗೆ ಅವಳು ಮನೆಯನ್ನು ವಾರ್ಡಿನ ಹಾಗೆ ಇಟ್ಟಿರುತ್ತಿದ್ದಳು. ಹಾಸಿಗೆಯ ಚಾದರದ ಮೂಲೆಗಳನ್ನು ಆಸ್ಪತ್ರೆಯ ರೀತಿಯಲ್ಲಿ ಮಡಚಿ ಗಾದಿಯ ಕೆಳಗೆ ಸಿಗಿಸಬೇಕು, ಒಂದು ಸುಕ್ಕು ಇರಕೂಡದು. ಒಂದು ಬೆಳಿಗ್ಗೆ ಚಹಾ ನಾಷ್ಟಾ ಆದ ಮೇಲೆ ಹೀಗೆ ಬಗ್ಗಿ ಮೂಲೆ ಸಿಗಿಸುವಾಗ ಅವಳ ಬಾಯಿಗೆ ಹುಳಿ ನೀರು ಬಂತು. ಬಚ್ಚಲಿಗೆ ಓಡಿದಳು. ಹಿಂದಿರುಗಿ ಬಂದು, ಎದೆಯ ನಡುವಿನ ಎಲುಬಿನ ಮೇಲೆ ಅಂಗೈ ಇಟ್ಟುಕೊಂಡು ನೆಟ್ಟಗೆ ಕೂತಳು.

"ಏನಾಯ್ತು?"

"ಏನಿಲ್ಲ. ಪಿತ್ತ."

ಆದರೆ ದಿನಾ ಅದೇ ಆಯಿತು. ಕಸ ಗುಡಿಸಲು ಬಗ್ಗಿದರೆ ಉರಿ, ಚಪ್ಪಲಿಯ ಪಟ್ಟಿ ಹಾಕಲು ಬಗ್ಗಿದರೆ ಉರಿ, ಊಟ ಮಾಡಿ ಮಲಗಿದರೆ ಉರಿ. ನೆಟ್ಟಗೆ ನಿಂತರೆ ಇಳಿಯುತ್ತಿತ್ತು. ಕೊನೆಗೆ ನಾನು ಹಟ ಹಿಡಿದು ಬೀದರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಹೊಟ್ಟೆಯ ಡಾಕ್ಟರು ಹೊಸದಾಗಿ ಡಾಕ್ಟರಾದಾಗ ಭಾಲ್ಕಿಯಲ್ಲಿ ಅಕ್ಕನ ಕೈಕೆಳಗೆ ಇಂಜೆಕ್ಷನ್ ಕೊಡುವುದನ್ನು ಕಲಿತವರು. ಅವರು ಬಾಯಿಯಿಂದ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಮಾಡಿದರು. ಹಯಾಟಸ್ ಹರ್ನಿಯಾ ಅಂದರು.

ಆ ಸಂಜೆ ನಾನು ಹೆದರಿ ಕೂತಿದ್ದೆ. ನನಗೆ ಹರ್ನಿಯಾ ಎಂದರೆ ಆಪರೇಷನ್ ಅಷ್ಟೇ ಗೊತ್ತು. ಅಕ್ಕ ನನ್ನ ಚೀಲ ತಡಕಿ, ಅಂಗನವಾಡಿಯ ಮಕ್ಕಳಿಗೆ ಊದಿ ಕೊಡಲೆಂದು ತಂದಿದ್ದ ಒಂದು ರಬ್ಬರ್ ಪುಗ್ಗೆ ತೆಗೆದುಕೊಂಡಳು. ನಳದ ಕೆಳಗೆ ಹಿಡಿದು ಅರ್ಧ ನೀರು ತುಂಬಿಸಿದಳು.

"ಇಲ್ಲಿ ನೋಡು. ಇದು ಹೊಟ್ಟಿ. ಈ ಕುತ್ತಿಗಿ ಅನ್ನನಾಳ. ಈ ಎರಡು ಬೆರಳು ಕೂಡಿಸಿ ಉಂಗುರ ಮಾಡೀನಲ್ಲ, ಇದು ಎದಿಗೂ ಹೊಟ್ಟಿಗೂ ನಡುವಿನ ಪರದಿ. ಪರದ್ಯಾಗ ಒಂದು ತೂತು ಅದ. ಅದರಾಗಿಂದ ಅನ್ನನಾಳ ಕೆಳಗ ಇಳೀತದ."

ಹೆಬ್ಬೆರಳು, ತೋರುಬೆರಳು ಸೇರಿಸಿ ಪುಗ್ಗೆಯ ಕುತ್ತಿಗೆಯನ್ನು ಹಿಡಿದಳು. ಇನ್ನೊಂದು ಕೈಯಿಂದ ಪುಗ್ಗೆಯನ್ನು ಅದುಮಿದಳು. ನೀರು ಹೊರಗೆ ಬರಲಿಲ್ಲ.

"ಅನ್ನನಾಳದ ತುದಿಗಿ ತನ್ನದೇ ಒಂದು ಚಿಲಕ ಅದ. ಅದರ ಸುತ್ತ ಈ ಪರದಿ ಬಿಗಿದು ಹಿಡೀತದ, ಅದು ಎರಡನೇ ಚಿಲಕ. ಎರಡೂ ಒಂದೇ ಜಾಗದಾಗ ಇದ್ದರ ಬಾಗಿಲ ಗಟ್ಟಿ. ನನ್ನ ತೂತು ಸಡ್ಲ ಆಗ್ಯದ. ವಯಸ್ಸು, ಮತ್ತ ಅಷ್ಟು ವರ್ಷ ರೋಗಿಗಳನ್ನ ಎತ್ತಿ ಇಳಿಸಿದ ಭಾರ. ಹೊಟ್ಟಿ ಮ್ಯಾಲಿನ ತುದಿ ಹಿಂಗ ಜಾರಿ ಮ್ಯಾಲ ಹೋಗ್ಯದ."

ಬೆರಳಿನ ಉಂಗುರ ಸರಿ ಇದೆಯೇ ಎಂದು ಒಮ್ಮೆ ನೋಡಿಕೊಂಡು ಪುಗ್ಗೆಯನ್ನು ಮೇಲೆಳೆದಳು. ಈಗ ಬೆರಳಿನ ಉಂಗುರ ಕುತ್ತಿಗೆಯ ಮೇಲೆ ಇರಲಿಲ್ಲ, ಪುಗ್ಗೆಯ ಹೊಟ್ಟೆಯ ಮೇಲಿತ್ತು. ಉಂಗುರದ ಮೇಲೆ ಒಂದು ಸಣ್ಣ ಗಂಟು ಉಬ್ಬಿ ಅದರಲ್ಲಿ ನೀರು ನಿಂತಿತು.

"ಎರಡು ಚಿಲಕ ಬ್ಯಾರಿ ಬ್ಯಾರಿ ಆದವು. ಹುಳಿ ಈ ಮ್ಯಾಲಿನ ಚೀಲದಾಗ ಕಾಯ್ಕೊಂತ ಕೂಡ್ತದ. ನೆಟ್ಟಗ ನಿಂತರ ಭಾರಕ್ಕ ಕೆಳಗ ಇರ್ತದ. ಬಗ್ಗಿದ್ರ ಏನಾಗ್ತದ? ಹೊಟ್ಟಿ ಮಡಚಿ ಅದುಮ್ತದ, ಬಾಯಿ ಕೆಳಗಾಗ್ತದ."

ಅವಳು ಪುಗ್ಗೆಯನ್ನು ಓರೆ ಮಾಡಿ ಅದುಮಿದಳು. ನೀರು ಚಿಮ್ಮಿ ನನ್ನ ಸೀರೆಯ ಮೇಲೆ ಬಿತ್ತು. ಅವಳು ನಕ್ಕಳು.

"ತಿಳೀತೇನ್, ಹುಚ್ಚಿ? ಹೆದರೋದೇನಿಲ್ಲ. ಬಗ್ಗಬಾರದು, ಅಷ್ಟೇ."

ನನಗೆ ಚೆನ್ನಾಗಿ ತಿಳಿಯಿತು. ಅಷ್ಟು ಚೆನ್ನಾಗಿ ತಿಳಿದದ್ದೇ ಕೆಟ್ಟದಾಯಿತು ಎಂದು ಈಗ ಅನ್ನಿಸುತ್ತದೆ.

ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟೆವು. ಲಂಗದ ಲಾಡಿಯನ್ನು ಸಡಿಲ ಕಟ್ಟಿಕೊಂಡಳು. ರಾತ್ರಿಯ ಊಟ ಸಂಜೆಗೇ ಮುಗಿಯುತ್ತಿತ್ತು. ಬೆಳಿಗ್ಗೆ ನಾಷ್ಟಾಕ್ಕೆ ಮೊದಲು ಒಂದು ಗುಳಿಗೆ. ನೆಲದ ಮೇಲಿನದೇನಾದರೂ ಬೇಕಾದರೆ ಬೆನ್ನು ನೆಟ್ಟಗಿಟ್ಟು ಮೊಣಕಾಲು ಮಡಚಿ ಇಳಿಯಬೇಕು. ಚಾದರದ ಮೂಲೆ ಸಿಗಿಸುವ ಕೆಲಸ ನನಗೆ ಬಂತು. ಅವಳು ಬಾಗಿಲಲ್ಲಿ ನಿಂತು ತಪ್ಪು ಹಿಡಿಯುತ್ತಿದ್ದಳು.

ಚರ್ಚಿನಲ್ಲಿ ಒಂದು ತೊಡಕಿತ್ತು. ನಮ್ಮಲ್ಲಿ ದೊಡ್ಡ ಪ್ರಾರ್ಥನೆಗೆ ಎಲ್ಲರೂ ಮೊಣಕಾಲೂರಿ, ಮುಂದೆ ಬಾಗಿ, ಹಣೆಯನ್ನು ಮುಂದಿನ ಬೆಂಚಿಗೆ ಇಲ್ಲವೇ ನೆಲದ ಹತ್ತಿರಕ್ಕೆ ತರುತ್ತೇವೆ. ಪಾಸ್ಟರ್ ಪ್ರಾರ್ಥನೆ ಉದ್ದ. ಅಕ್ಕ ಎರಡು ವಾರ ಹಾಗೆ ಬಾಗಿ, ಗಂಟಲಿಗೆ ಹುಳಿ ಬಂದು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಆಮೇಲೆ ಪಾಸ್ಟರಿಗೆ ಹೇಳಿ, ಕೊನೆಯ ಬೆಂಚಿನಲ್ಲಿ ಗೋಡೆಗೆ ಒರಗಿ ನೆಟ್ಟಗೆ ಕೂತು ಪ್ರಾರ್ಥಿಸಲು ಅನುಮತಿ ಪಡೆದಳು. ಇಡೀ ಚರ್ಚು ಬಾಗಿದಾಗ ಅವಳೊಬ್ಬಳು ನೆಟ್ಟಗೆ ಇರುತ್ತಿದ್ದಳು. ಮೊದಮೊದಲು ಹೆಂಗಸರು ತಿರುಗಿ ನೋಡಿದರು. ನಂತರ ಯಾರೂ ನೋಡಲಿಲ್ಲ.

ಡಾಕ್ಟರು ಇನ್ನೊಂದು ಕೆಲಸ ಹೇಳಿದ್ದರು. ಉರಿ ಯಾವಾಗ ಬರುತ್ತದೆ, ಏನು ಮಾಡುವಾಗ ಬರುತ್ತದೆ ಎಂದು ಬರೆದಿಡಬೇಕು. ಅಡುಗೆಮನೆಯ ಗೋಡೆಯಲ್ಲಿ ಔಷಧಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು. ಅದರ ಚೌಕಗಳಲ್ಲಿ ನಾನು ಒಂದೊಂದು ಅಕ್ಷರ ಬರೆಯುತ್ತಿದ್ದೆ. ಬಗ್ಗಿದಾಗ ಬಂದರೆ ಬ, ಮಲಗಿದಾಗ ಬಂದರೆ ಮ, ಊಟದ ಮೇಲೆ ಬಂದರೆ ಊ. ಮೊದಲ ತಿಂಗಳು ಚೌಕಗಳು ತುಂಬಿದ್ದವು. ಎರಡನೆಯ ತಿಂಗಳು ಅಲ್ಲೊಂದು ಇಲ್ಲೊಂದು. ಮೂರನೆಯ ತಿಂಗಳು ಪುಟ ಬಹುಮಟ್ಟಿಗೆ ಖಾಲಿ. ಅದನ್ನು ಕಿತ್ತುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆವು. ಅವರಿಗೆ ಸಂತೋಷವಾಯಿತು.

ನಾವು ಎದ್ದು ಬಾಗಿಲ ತನಕ ಹೋಗಿದ್ದೆವು. ಅವರು ಹಿಂದಿನಿಂದ ಕರೆದರು.

"ಸಿಸ್ಟರ್, ಒಂದು ಮಾತು ರೀ. ನಿಮಗ ಶುಗರ್ ಅದ. ಬಗ್ಗಿದಾಗ, ಮಲಗಿದಾಗ ಉರಿ ಬಂದ್ರ ಇದೇ. ಆದ್ರ ನಡೆಯುವಾಗ, ಮೆಟ್ಟಲ ಏರುವಾಗ ಉರಿ ಬಂದು, ನಿಂತ ಕೂಡ್ಲೇ ಹೋಯ್ತಂದ್ರ..."

"ಇ.ಸಿ.ಜಿ. ತಗಿಸಬೇಕು, ಗೊತ್ತದರಿ ಸರ್" ಎಂದು ಅಕ್ಕ ಅವರ ಮಾತನ್ನು ತಾನೇ ಮುಗಿಸಿದಳು. "ನಾನೇ ಹುಡುಗ್ಯಾರಿಗಿ ಇದನ್ನ ಕಲಿಸೀನಿ. ಹೃದಯದ್ದು ಹೊಟ್ಟಿ ವೇಷ ಹಾಕ್ಕೊಂಡು ಬರ್ತದಂತ."

"ಹಂಗಾದ್ರ ನಾ ಹೇಳೋದೇನದರಿ" ಎಂದು ಡಾಕ್ಟರು ನಕ್ಕರು. ಅಕ್ಕನೂ ನಕ್ಕಳು. ನಾನು ಅಲ್ಲೇ ನಿಂತಿದ್ದೆ. ಎಲ್ಲವನ್ನೂ ಕೇಳಿಸಿಕೊಂಡೆ. ಅದು ಇಬ್ಬರು ಓದಿದವರ ನಡುವಿನ ಮಾತು ಅಂದುಕೊಂಡೆ. ಮನೆಯಲ್ಲಿ ನರ್ಸ್ ಇದ್ದರೆ ಉಳಿದವರು ರೋಗದ ವಿಷಯದಲ್ಲಿ ತಮ್ಮ ಕಣ್ಣನ್ನು ಮುಚ್ಚಿಕೊಳ್ಳುತ್ತಾರೆ. ನಮ್ಮಂಥ ಮನೆಗಳಲ್ಲಿ ಹೀಗೆಯೇ. ಯಾರಿಗೆ ಜ್ವರ ಬಂದರೂ ಅಕ್ಕ ಏನಂದಳು ಎಂದು ಕೇಳುತ್ತೇವೆ. ಅಕ್ಕನಿಗೇ ಬಂದಾಗಲೂ ಅಕ್ಕನನ್ನೇ ಕೇಳಿದೆವು.

ಸುಗ್ಗಿ ಆರಾಧನೆಗೆ ಎರಡು ವಾರ ಇರುವಾಗ ಒಂದು ಸಂಜೆ ಅವಳು ತರಕಾರಿ ತರಲು ಹೋಗಿ ಬಂದು, ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಳು. ಅದೇ ಜಾಗ, ಅದೇ ಅಂಗೈ.

"ಬಗ್ಗಿದ್ಯಾ?"

"ಇಲ್ಲ. ದಾರ್ಯಾಗ ಬಂತು. ಜರಾ ನಿಂತೆ, ಹೋಯ್ತು."

ಹುಳಿ ಇಳಿಸುವ ಗುಲಾಬಿ ಬಣ್ಣದ ಔಷಧವನ್ನು ಎರಡು ಚಮಚ ಕುಡಿದಳು. ನಾನು ಪೆನ್ನು ಹಿಡಿದು ಕ್ಯಾಲೆಂಡರಿನ ಮುಂದೆ ನಿಂತೆ. ಬ ಅಲ್ಲ, ಮ ಅಲ್ಲ. ಊಟ ಆಗಿ ಬಹಳ ಹೊತ್ತಾಗಿತ್ತು, ಊ ಕೂಡ ಅಲ್ಲ. ಸ್ವಲ್ಪ ಯೋಚಿಸಿ ನಡೆಯುವಾಗ ಎನ್ನುವುದಕ್ಕೆ ನ ಎಂದು ಬರೆದೆ. ಒಂದು ಹೊಸ ಅಕ್ಷರ ಬೇಕಾಯಿತು ಎನ್ನುವುದು ನನ್ನ ಕೈಗೆ ಗೊತ್ತಾಯಿತು. ತಲೆಗೆ ಗೊತ್ತಾಗಲಿಲ್ಲ.

ನಾಲ್ಕು ದಿನ ಬಿಟ್ಟು ಇನ್ನೊಂದು ನ. ಅದರ ಮುಂದಿನ ವಾರ ಮತ್ತೊಂದು. ಪ್ರತಿ ಸಲವೂ ಅವಳು ನಿಂತಳು, ಔಷಧ ಕುಡಿದಳು, ಉರಿ ಹೋಯಿತು. ಔಷಧದಿಂದ ಹೋಯಿತು ಎಂದು ಇಬ್ಬರೂ ನಂಬಿದೆವು. ನಿಂತದ್ದರಿಂದ ಹೋಯಿತು ಎಂದು ಯಾರೂ ಯೋಚಿಸಲಿಲ್ಲ.

ಎಕಂಬಾದ ಹೊಲಕ್ಕೆ ಹಿಂತಿರುಗುತ್ತೇನೆ.

ಬುಟ್ಟಿ ತುಂಬಿದ ಮೇಲೆ ವೈನಿಯ ಮನೆಯಲ್ಲಿ ಊಟ ಮಾಡಿದೆವು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಅಕ್ಕ ಒಂದೇ ರೊಟ್ಟಿ ತಿಂದಳು. ಆಮೇಲೆ ಎರಡು ತಾಸು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಉರಿ ಇರಲಿಲ್ಲ. ನಾನು ಕೇಳಿದೆ, ಇಲ್ಲ ಅಂದಳು. ಬಸ್ಸಿಗೆ ಹೊರಟಾಗ ಬುಟ್ಟಿ ನನ್ನ ತಲೆಯ ಮೇಲೆ, ಅವಳ ಕೈಯಲ್ಲಿ ಛತ್ರಿ ಮಾತ್ರ. ಮನೆಯಿಂದ ರಸ್ತೆಗೆ ಸ್ವಲ್ಪ ಏರು. ವೈನಿಯೂ ಬಿಡಲು ಬಂದಿದ್ದಳು.

ಅರ್ಧ ದಾರಿಯಲ್ಲಿ ಅಕ್ಕ ನಿಂತಳು. ಅಂಗೈ ಎದೆಯ ಮೇಲೆ ಹೋಯಿತು.

"ಏನು?"

"ಉರಿ. ತಡಿ."

ನಾವು ನಿಂತೆವು. ಅವಳ ಮೇಲ್ದುಟಿಯ ಮೇಲೆ ಬೆವರಿತ್ತು. ಬಿಸಿಲು ಇರಲಿಲ್ಲ, ಮೋಡ ಕವಿದಿತ್ತು. ಒಂದೆರಡು ನಿಮಿಷದಲ್ಲಿ ಕೈ ಇಳಿಸಿ ಮುಂದೆ ನಡೆದಳು. ಇನ್ನಷ್ಟು ದೂರ ಹೋಗಿ ಮತ್ತೆ ನಿಂತಳು. ಈ ಸಲ ದವಡೆಯನ್ನು ಒತ್ತಿಕೊಂಡಳು.

"ಹಲ್ಲು ಸುದ್ದಾ ನೋಯ್ಲಿಕ್ಕೆ ಹತ್ತೇದ."

"ಲವಂಗ ತರ್ಲೇನ್ರಿ?" ಅಂದಳು ವೈನಿ.

"ಬ್ಯಾಡ. ಬಸ್ಸು ಹೋಗ್ತದ."

ಆಗ ನಾನು ಕೇಳಿದೆ. ಕೇಳಿದ್ದು ನಿಜ, ಇದನ್ನು ಬರೆದಿಡಬೇಕು. "ಅಕ್ಕ, ನೀ ಇವತ್ತು ಬಗ್ಗೇ ಇಲ್ಲಲ್ಲ. ಯಾಕ ಬಂತು?"

ಅವಳು ನನ್ನನ್ನು ನೋಡಿದಳು. ಆ ನೋಟವನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಅದರಲ್ಲಿ ಒಂದು ಕ್ಷಣ ಏನೋ ಇತ್ತು. ಪುಗ್ಗೆಯನ್ನು ಮೇಲೆಳೆಯುವ ಮೊದಲು ಬೆರಳಿನ ಉಂಗುರ ಸರಿ ಇದೆಯೇ ಎಂದು ನೋಡಿಕೊಂಡಿದ್ದಳಲ್ಲ, ಅಂಥ ನೋಟ. ನಂತರ ಅದು ಹೋಯಿತು.

"ನಿಮ್ಮ ವೈನಿ ಕೈಯಾಗಿನ ಖಾರ" ಅಂದಳು. "ಸತ್ತವರು ಸುದ್ದಾ ಎದ್ದು ನೀರು ಕೇಳ್ಬೇಕು."

"ನಂದೇ ತಪ್ಪು ಬಿಡ್ರಿ, ತಿಂದವರದೇನೂ ಇಲ್ಲ" ಅಂದಳು ವೈನಿ.

ಬಸ್ಸು ಬಂತು. ಔರಾದಿನಲ್ಲಿ ಬಸ್ಸು ಬದಲಿಸುವಾಗ ಸರ್ಕಾರಿ ದವಾಖಾನೆಗೆ ಒಂದು ಆಟೋ ಹಿಡಿಯಬಹುದಿತ್ತು. ಬೀದರಿನಲ್ಲಿ ಇಳಿದ ಮೇಲೆ ಡಾಕ್ಟರ ಆಸ್ಪತ್ರೆಗೆ ಹೋಗಬಹುದಿತ್ತು, ಇನ್ನೂ ಬೆಳಕಿತ್ತು. ನಾವು ಮನೆಗೆ ಹೋದೆವು. ಅವಳು ಹೆಸರುಕಾಯಿಗಳನ್ನು ಬಟ್ಟೆಯಿಂದ ಒರೆಸಿ ಬುಟ್ಟಿಯಲ್ಲಿ ಜೋಡಿಸಿದಳು. ನಾನು ಕ್ಯಾಲೆಂಡರಿನಲ್ಲಿ ನಾಲ್ಕನೆಯ ನ ಬರೆದೆ.

ಭಾನುವಾರ ಬೆಳಿಗ್ಗೆ ಅವಳು ಆರಾಮವಾಗಿಯೇ ಎದ್ದಳು. ಗುಳಿಗೆ ತಗೊಂಡಳು. ಬಿಳಿ ಸೀರೆ ಉಟ್ಟಳು. ಚರ್ಚಿಗೆ ನಡೆದೇ ಹೋದೆವು. ದಾರಿಯಲ್ಲಿ ಎರಡು ಸಲ ನಿಂತಳು. ಎರಡನೆಯ ಸಲ ನಾನು ಆಟೋ ಕರೆಯಲು ಹೋದೆ, ಅವಳು ನನ್ನ ಸೆರಗು ಹಿಡಿದು ಎಳೆದಳು. "ಇಷ್ಟು ದೂರಕ್ಕ ಆಟೋನಾ? ಮಂದಿ ನಗ್ತಾರ."

ವೇದಿಕೆಯ ಮುಂದೆ ಕಬ್ಬು, ಕುಂಬಳಕಾಯಿ, ಸೋಯಾ, ಉದ್ದು, ಒಬ್ಬರ ಮನೆಯ ಕೋಳಿಮೊಟ್ಟೆ ಎಲ್ಲ ಇದ್ದವು. ಬುಟ್ಟಿಯನ್ನು ನೆಲದ ಮೇಲೆ ಇಡಬೇಕಿತ್ತು. ಅವಳು ತಾನೇ ಇಡುತ್ತೇನೆ ಅಂದಳು. ಬೆನ್ನು ನೆಟ್ಟಗಿಟ್ಟು, ಮೊಣಕಾಲು ಮಡಚಿ, ಕಲಿತ ಹಾಗೆಯೇ ಇಳಿದು ಇಟ್ಟಳು. ಏಳುವಾಗ ನನ್ನ ಕೈ ಹಿಡಿದಳು. ಅವಳ ಕೈ ತಣ್ಣಗಿತ್ತು, ಒದ್ದೆಯಾಗಿತ್ತು. ಕೊನೆಯ ಬೆಂಚಿಗೆ ಹೋಗಿ ಗೋಡೆಗೆ ಒರಗಿ ಕೂತಳು. ನಾನು ಅವಳ ಮುಂದಿನ ಸಾಲಿನಲ್ಲಿ ಕೂತೆ.

ದೊಡ್ಡ ಪ್ರಾರ್ಥನೆ ಬಂತು. ನಾವೆಲ್ಲ ಮೊಣಕಾಲೂರಿ ಬಾಗಿದೆವು. ಸುಗ್ಗಿಯ ದಿನ ಪ್ರಾರ್ಥನೆ ಇನ್ನೂ ಉದ್ದ. ಹೊಲ, ಮಳೆ, ದನ, ಮಕ್ಕಳು, ಪರೀಕ್ಷೆ, ಕಾಯಿಲೆ ಎಲ್ಲವೂ ಬರುತ್ತವೆ. ಹಿಂದೆ ಒಮ್ಮೆ ಉಸಿರು ಎಳೆದ ಸದ್ದು ಕೇಳಿಸಿತು. ಹುಳಿ ಮೇಲೆ ಬಂದಾಗ ಅವಳು ಹಾಗೆ ಎಳೆಯುತ್ತಿದ್ದಳು. ಪ್ರಾರ್ಥನೆಯ ನಡುವೆ ತಲೆ ಎತ್ತಬಾರದು ಎಂದು ನಾನು ಎತ್ತಲಿಲ್ಲ. ನೆಟ್ಟಗೆ ಕೂತಿದ್ದಾಳೆ, ಇಳಿಯುತ್ತದೆ ಅಂದುಕೊಂಡೆ.

ಆಮೆನ್ ಆಯಿತು. ಎಲ್ಲರೂ ಎದ್ದೆವು. ಅಕ್ಕ ಗೋಡೆಗೆ ಒರಗಿ ನೆಟ್ಟಗೆ ಕೂತಿದ್ದಳು. ಕಣ್ಣು ಮುಚ್ಚಿತ್ತು. ಅವಳು ಯಾವಾಗಲೂ ಹಾಗೆಯೇ ಕೂರುತ್ತಿದ್ದಳು, ಹಾಗಾಗಿ ಯಾರಿಗೂ ಏನೂ ಅನ್ನಿಸಲಿಲ್ಲ. ಒಂದು ಕೀರ್ತನೆ ಪೂರ್ತಿ ಹಾಡಿದೆವು. ಅದು ಮುಗಿದು ಕೂರುವಾಗ ನಾನು ಹಿಂದೆ ತಿರುಗಿದೆ. ಅವಳ ಅಂಗೈ ಎದೆಯಿಂದ ಜಾರಿ ಮಡಿಲಲ್ಲಿ ಮೇಲ್ಮುಖವಾಗಿ ಬಿದ್ದಿತ್ತು.

ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಅಲ್ಲಿ ತಂತಿಗಳನ್ನು ಹಚ್ಚಿ ನೋಡಿದರು. ಕಾಗದದ ಮೇಲೆ ನೇರ ಗೆರೆ ಬಂತು. ತುರ್ತು ವಿಭಾಗದಲ್ಲಿದ್ದ ಡಾಕ್ಟರು ಹೃದಯವೇ ಇರಬೇಕು ಅಂದರು. ಹಿಂದಿನ ದಿನಗಳದ್ದು ಏನಾದರೂ ಇದೆಯೇ, ಇ.ಸಿ.ಜಿ., ರಕ್ತಪರೀಕ್ಷೆ, ಎಂದು ಕೇಳಿದರು. ನಾನು ಮನೆಯಿಂದ ಫೈಲು ತರಿಸಿದೆ. ಅವರು ಹಾಳೆ ತಿರುಗಿಸುತ್ತಾ ಹೋದರು.

ನಮ್ಮ ಹೊಟ್ಟೆಯ ಡಾಕ್ಟರು ಮಣ್ಣಿಗೆ ಬಂದಿದ್ದರು. ಅವರಿಗೆ ನಾನು ಕ್ಯಾಲೆಂಡರಿನ ಪುಟವನ್ನು ತೋರಿಸಿದೆ. ನ ಎಂದರೆ ಏನು ಎಂದು ಅವರು ಕೇಳಿದರು. ಹೇಳಿದೆ. ಅವರು ಒಂದೊಂದು ನ ಮೇಲೂ ಬೆರಳಿಟ್ಟು ತಾರೀಖು ನೋಡಿದರು. ನಿಮ್ಮ ತಪ್ಪಿಲ್ಲ ಬಾಯಿಯವರೇ ಅಂದರು. ಸಿಸ್ಟರಿಗೆ ಗೊತ್ತಿತ್ತು ಅಂದರು. ಎರಡನೆಯ ಮಾತು ಮೊದಲನೆಯದಕ್ಕಿಂತ ಹೆಚ್ಚು ನೋಯಿಸಿತು. ಗೊತ್ತಿದ್ದವಳು ಬಾಯಿ ಮುಚ್ಚಿದ್ದು ಹೆದರಿಕೆಯಿಂದಲೋ, ನಂಬಿಕೆಯಿಂದಲೋ, ಬರಿಯ ಅಭ್ಯಾಸದಿಂದಲೋ, ನನಗೆ ತಿಳಿಯುವುದಿಲ್ಲ. ನನಗೂ ಗೊತ್ತಿತ್ತು. ಬಗ್ಗಿದರೆ ಯಾಕೆ ಹುಳಿ ಮೇಲೆ ಬರುತ್ತದೆ ಎಂದು ಪುಗ್ಗೆ ಹಿಡಿದು ಇವತ್ತೂ ಹೇಳಬಲ್ಲೆ. ಬಗ್ಗದೆ ಬಂದರೆ ಏನು ಎಂದು ಕೇಳಿದ್ದೆ, ಆದರೆ ಖಾರ ಎನ್ನುವ ಉತ್ತರವನ್ನು ಒಪ್ಪಿಕೊಂಡೆ.

ಮಂಚದ ಕೆಳಗಿನ ಇಟ್ಟಿಗೆಗಳನ್ನು ನಾನು ತೆಗೆದಿಲ್ಲ. ಚಾದರದ ಮೂಲೆಗಳನ್ನು ದಿನಾ ಬಗ್ಗಿ ಸಿಗಿಸುತ್ತೇನೆ. ನನಗೆ ಏನೂ ಆಗುವುದಿಲ್ಲ.

ಫೈಲು ಕಪಾಟಿನಲ್ಲಿದೆ. ಅದರಲ್ಲಿ ಎಂಡೋಸ್ಕೋಪಿಯ ವರದಿ ಇದೆ, ಜಾರಿದ ಹೊಟ್ಟೆಯ ಬಣ್ಣದ ಚಿತ್ರಗಳಿವೆ, ಗುಳಿಗೆಗಳ ಚೀಟಿಗಳಿವೆ, ಕ್ಯಾಲೆಂಡರಿನ ಪುಟಗಳಿವೆ. ಆ ಎರಡು ವಾರಗಳಲ್ಲಿ ಒಂದು ದಿನ ತೆಗೆಸಬೇಕಾಗಿದ್ದ ಇ.ಸಿ.ಜಿ. ಅದರಲ್ಲಿ ಇಲ್ಲ.